ಅಪ್ರೈಸಲ್‌ನಲ್ಲಿ 4 ಬರುತ್ತೆ ಅಂತ ಕಾಯ್ತಿದ್ದವರಿಗೆ 3 ಬಂದಿದೆ ಅಂತ ಬರೆದು ತಿಳಿಸೋದು ಹೇಗೆ

5ರ ಸ್ಕೇಲ್‌ನಲ್ಲಿ ಯಾರಿಗಾದ್ರೂ 1 ಅಥವಾ 2 ಬಂದಿದ್ರೆ ಆ ದಾರಿನೇ ಬೇರೆ, ಅಲ್ಲಿ ಎಚ್‌ಆರ್ ಬರ್ತಾರೆ, ಇಂಪ್ರೂವ್‌ಮೆಂಟ್ ಪ್ಲಾನ್ ಬರುತ್ತೆ, ಏನು ಬರೀಬೇಕು ಅಂತ ಫಾರ್ಮ್ಯಾಟೂ ಇರುತ್ತೆ. ನಾನಿಲ್ಲಿ ಹೇಳ್ತಿರೋದು ಆ ಕೇಸ್ ಅಲ್ಲ. ಚೆನ್ನಾಗೇ ಕೆಲಸ ಮಾಡೋ ಒಬ್ರು ಸೆಲ್ಫ್ ಅಪ್ರೈಸಲ್‌ನಲ್ಲಿ ತಾವೇ 4 ಹಾಕ್ಕೊಂಡಿದಾರೆ, ಬಂದಿರೋದು 3, ಇದನ್ನ ಮ್ಯಾನೇಜರ್ ಆಗಿ ನೀವು ತಿಳಿಸ್ಬೇಕು. ಇದಕ್ಕೆ ಯಾವ ಫಾರ್ಮ್ಯಾಟೂ ಇಲ್ಲ, ಹಾಗಾಗಿ ತುಂಬ ಜನ ಎರಡು ಲೈನ್ ಗೀಚಿ ಕಳಿಸ್ಬಿಡ್ತಾರೆ, ಆಮೇಲೆ ಒಂದು ತಿಂಗಳು ಆ ಮನುಷ್ಯ ಮೀಟಿಂಗ್‌ನಲ್ಲಿ ಬಾಯಿ ಬಿಡಲ್ಲ, ಯಾಕೆ ಅಂತ ಇವರಿಗೆ ಅರ್ಥ ಆಗಲ್ಲ.

ಇಂಥ ನೋಟ್‌ಗಳಲ್ಲಿ ನಾನು ನೋಡಿರೋ ದೊಡ್ಡ ಎಡವಟ್ಟು ಒಂದೇ. "3 ಅಂದ್ರೆ ಕೆಟ್ಟದ್ದೇನಲ್ಲ, ಸಾಲಿಡ್ ರೇಟಿಂಗ್, ಟೀಮ್‌ನಲ್ಲಿ ಹೆಚ್ಚಿನವರಿಗೆ ಅದೇ ಬಂದಿರೋದು" ಅಂತ ಬರೀತಾರೆ. ಓದೋವ್ರು ಕೇಳ್ತಿರೋದು ಅದಲ್ಲ ಸ್ವಾಮಿ. 3 ಕೆಟ್ಟದ್ದಾ ಒಳ್ಳೇದಾ ಅನ್ನೋದು ಅವರ ಪ್ರಶ್ನೆನೇ ಅಲ್ಲ, 4 ಯಾಕೆ ಬರ್ಲಿಲ್ಲ ಅನ್ನೋದು ಅವರ ಪ್ರಶ್ನೆ. ಇಡೀ ನೋಟ್ ಆ ಒಂದು ಪ್ರಶ್ನೆಗೆ ಉತ್ತರ ಆಗಿರ್ಬೇಕು, ಉಳಿದಿದ್ದೆಲ್ಲ ಅದರ ಆಚೆ ಈಚೆ.

ಒಂದು ಕೇಸ್ ಇಟ್ಕೊಂಡು ಹೋಗೋಣ, ಇಲ್ಲಾಂದ್ರೆ ಬರೀ ಉಪದೇಶ ಆಗುತ್ತೆ. ಅಕೌಂಟ್ಸ್ ಟೀಮ್‌ನಲ್ಲಿ ಒಬ್ರು ಸೀನಿಯರ್, ಪ್ರತಿ ತಿಂಗಳ ಕ್ಲೋಸಿಂಗ್ ರಿಪೋರ್ಟ್ ಅವರದ್ದು. ಈ ವರ್ಷ ಬ್ಯಾಂಕ್ ಲೆಕ್ಕ ತಾಳೆ ಹಾಕೋಕೆ ಹೊಸ ಶೀಟ್ ಒಂದು ಕಟ್ಟಿದಾರೆ, ಮೊದಲು ಎರಡು ದಿನ ಹಿಡೀತಿದ್ದ ಕೆಲಸ ಈಗ ಅರ್ಧ ದಿನಕ್ಕೆ ಮುಗಿಯುತ್ತೆ. ಅದನ್ನ ನೆನೆಸ್ಕೊಂಡೇ 4 ಹಾಕ್ಕೊಂಡಿದಾರೆ. ಮ್ಯಾನೇಜರ್ ಕಡೆ ಲೆಕ್ಕದಲ್ಲಿ ವರ್ಷದ 12 ರಿಪೋರ್ಟ್‌ನಲ್ಲಿ 3 ಲೇಟಾಗಿದೆ, ಜುಲೈ, ಅಕ್ಟೋಬರ್, ಜನವರಿ. ಫೈನಲ್ ರೇಟಿಂಗ್ 3.

ಬರೆಯೋಕ್ ಮುಂಚೆ ದಾಖಲೆ ತೆಗೀರಿ

ಮೊದಲು ಮೂರು ವಿಷಯ ಎದುರಿಗೆ ಇಟ್ಕೊಳ್ಳಿ. ವರ್ಷದ ಶುರುವಲ್ಲಿ ಇಬ್ರೂ ಒಪ್ಪಿದ್ದ ಗೋಲ್ ಶೀಟ್, ಅವರು ಬರೆದಿರೋ ಸೆಲ್ಫ್ ಅಪ್ರೈಸಲ್, ಆಮೇಲೆ ನಿಮ್ಮ ಕಂಪನಿಯ ರೇಟಿಂಗ್ ಗೈಡ್‌ನಲ್ಲಿ 3 ಮತ್ತೆ 4ಕ್ಕೆ ಏನು ಬರೆದಿದೆ ಅನ್ನೋದು. ಹೆಚ್ಚಿನ ಕಡೆ 3 ಅಂದ್ರೆ ಆ ಹುದ್ದೆಯ ಕೆಲಸ ಪೂರ್ತಿ ಮಾಡಿದಾರೆ ಅಂತ, 4 ಅಂದ್ರೆ ಹುದ್ದೆ ಕೇಳೋದಕ್ಕಿಂತ ಮುಂದೆ ಹೋಗಿ, ಅದೂ ಒಂದ್ಸಲ ಅಲ್ಲ, ವರ್ಷದುದ್ದಕ್ಕೂ ಮಾಡಿದಾರೆ ಅಂತ. ನಿಮ್ಮಲ್ಲಿ ಮಾತು ಬೇರೆ ಇರ್ಬಹುದು, ಆ ಮಾತನ್ನೇ ಉಪಯೋಗಿಸಿ, ನಿಮ್ಮ ಸ್ವಂತ ವ್ಯಾಖ್ಯಾನ ಬೇಡ.

ಈಗ ಕಾರಣಗಳನ್ನ ಒಂದೊಂದಾಗಿ ಕೆದಕಿ ನೋಡಿ, ಅರ್ಧ ಜಗಳ ಇಲ್ಲೇ ತಪ್ಪುತ್ತೆ. ನಮ್ಮ ಕೇಸ್‌ನಲ್ಲಿ ಜುಲೈ ರಿಪೋರ್ಟ್ ಯಾಕೆ ಲೇಟಾಯ್ತು ಅಂತ ಹಳೇ ಮೇಲ್ ತೆಗೆದ್ರೆ, ಬೇರೆ ಟೀಮ್‌ನವರು ಡೇಟಾ ಕೊಟ್ಟಿದ್ದೇ ಮೂರು ದಿನ ತಡವಾಗಿ, ಇವರು ಎರಡು ಸಲ ರಿಮೈಂಡರ್ ಕಳಿಸಿದಾರೆ, ನಿಮ್ಮನ್ನ ಸಿಸಿ ಕೂಡ ಇಟ್ಟಿದಾರೆ. ಅಲ್ಲಿಗೆ ಜುಲೈ ಇವರ ಲೆಕ್ಕಕ್ಕೆ ಬರಲ್ಲ, ತೆಗೀರಿ. ಇದನ್ನ ನೋಡ್ದೆ "ಮೂರು ರಿಪೋರ್ಟ್ ಲೇಟ್" ಅಂತ ಬರೆದ್ರೆ ಅವರು ಆ ಒಂದು ಮೇಲ್ ಹಿಡ್ಕೊಂಡು ಬರ್ತಾರೆ, ಆಮೇಲೆ ಉಳಿದ ಎರಡು ಕಾರಣ ಎಷ್ಟೇ ಗಟ್ಟಿ ಇದ್ರೂ ನೋಟ್ ಪೂರ್ತಿ ಸುಳ್ಳು ಅನ್ನಿಸ್ಕೊಳ್ಳುತ್ತೆ.

ಅಕ್ಟೋಬರ್‌ದು ಇನ್ನೂ ನಾಜೂಕು. ಆ ವಾರ ಅವರು ರಜೆಯಲ್ಲಿದ್ರು, ಹೊಸ ಶೀಟ್ ಓಡಿಸೋಕೆ ಬೇರೆ ಯಾರಿಗೂ ಬರ್ತಿರ್ಲಿಲ್ಲ, ರಿಪೋರ್ಟ್ ನಾಲ್ಕು ದಿನ ನಿಂತೋಯ್ತು. ಅವಸರದಲ್ಲಿ ಬರೆದ್ರೆ "ನೀವು ರಜೆ ಹೋಗಿದ್ರಿಂದ ರಿಪೋರ್ಟ್ ಲೇಟಾಯ್ತು" ಅಂತ ಆಗುತ್ತೆ, ಇದು ಅನ್ಯಾಯ, ಜೊತೆಗೆ ಮೇಲಿನವರ ಕಣ್ಣಿಗೆ ಬಿದ್ರೆ ನಿಮಗೇ ತೊಂದ್ರೆ. ಅಪ್ರೂವ್ ಆದ ರಜೆ, ಸಿಕ್ ಲೀವ್, ಹೆರಿಗೆ ರಜೆ, ಇವು ಯಾವತ್ತೂ ರೇಟಿಂಗ್‌ಗೆ ಕಾರಣ ಆಗಿ ನೋಟ್‌ನಲ್ಲಿ ಬರ್ಲೇಬಾರ್ದು. ಇಲ್ಲಿ ನಿಜವಾದ ಕಾರಣ ರಜೆ ಅಲ್ಲ, ಆ ಶೀಟ್ ಹೇಗೆ ನಡೆಸ್ಬೇಕು ಅಂತ ಬರೆದಿಟ್ಟಿರ್ಲಿಲ್ಲ ಅನ್ನೋದು. ಅದು ಗೋಲ್ ಶೀಟ್‌ನಲ್ಲಿ ಇತ್ತಾ? ಇತ್ತು, "ಇನ್ನೊಬ್ರು ನಡೆಸೋ ಹಾಗೆ ಡಾಕ್ಯುಮೆಂಟ್ ಮಾಡ್ಬೇಕು, ಒಬ್ರಿಗೆ ಕಲಿಸ್ಬೇಕು" ಅಂತ ಸೆಪ್ಟೆಂಬರ್ ಗಡುವು. ಹಾಗಾದ್ರೆ ಕಾರಣ ಅದು. ಗೋಲ್ ಶೀಟ್‌ನಲ್ಲಿ ಇಲ್ಲದ್ದನ್ನ ವರ್ಷದ ಕೊನೆಗೆ ಹೊಸದಾಗಿ ತಂದು ತಲೆ ಮೇಲೆ ಹಾಕೋಕೆ ಹೋಗ್ಬೇಡಿ.

ಜನವರಿದು ಸೀದಾ ಇದೆ, ಲೆಕ್ಕ ತಾಳೆ ಆಗ್ತಿಲ್ಲ ಅಂತ ಅವರಿಗೆ ಗುರುವಾರನೇ ಗೊತ್ತಾಗಿದೆ, ಒಬ್ರೇ ರಾತ್ರಿ ಕೂತು ಹುಡುಕಿದಾರೆ, ನಿಮಗೆ ಹೇಳಿದ್ದು ಸೋಮವಾರ, ರಿಪೋರ್ಟ್ ಹೋಗ್ಬೇಕಾಗಿದ್ದ ದಿನ. ಎರಡು ದಿನ ಲೇಟ್.

ಈಗ ನೋಡಿ, "ಮೂರು ರಿಪೋರ್ಟ್ ಲೇಟ್" ಅನ್ನೋ ದೂರು ಹೋಗಿ ಅದರ ಜಾಗದಲ್ಲಿ ಒಂದು ತಿಳಿಯಾದ ಮಾತು ಸಿಕ್ತು. ಕೆಲಸ ಅವರೊಬ್ಬರ ಕೈಲೇ ಸಿಕ್ಕಾಕ್ಕೊಂಡಿದೆ. ಅಕ್ಟೋಬರ್‌ಗೂ ಜನವರಿಗೂ ಮೂಲ ಅದೇ. ಇನ್ನು ಒಂದು ಪ್ರಶ್ನೆ ನಿಮಗೆ ನೀವೇ ಕೇಳ್ಕೊಳ್ಳಿ, ಇದನ್ನ ವರ್ಷದ ನಡುವೆ ಅವರಿಗೆ ಹೇಳಿದ್ರಾ? ಅಕ್ಟೋಬರ್ ಆದ್ಮೇಲೆ ಒನ್ ಆನ್ ಒನ್‌ನಲ್ಲಿ ಹೇಳಿದ್ರೆ ಸರಿ. ಹೇಳಿಲ್ಲಾಂದ್ರೆ ನೋಟ್‌ನಲ್ಲಿ ಒಂದು ಲೈನ್ ಹಾಗೇ ಬರೀರಿ, "ಇದನ್ನ ಅಕ್ಟೋಬರ್‌ನಲ್ಲೇ ನಿಮ್ಮ ಗಮನಕ್ಕೆ ತರ್ಬೇಕಿತ್ತು, ತರ್ಲಿಲ್ಲ, ಅದು ನನ್ನ ಕಡೆ ಆದ ಕೊರತೆ" ಅಂತ. ಇದ್ರಿಂದ ರೇಟಿಂಗ್ ಬದಲಾಗಲ್ಲ, ಆದ್ರೆ ಓದೋವ್ರಿಗೆ ನೀವು ಎರಡೂ ಕಡೆ ಲೆಕ್ಕ ನೋಡಿದೀರ ಅಂತ ಗೊತ್ತಾಗುತ್ತೆ.

ಮೊದಲು ಮಾತು, ಆಮೇಲೆ ನೋಟ್

ಸಿಸ್ಟಮ್‌ನಲ್ಲಿ ರೇಟಿಂಗ್ ಕಾಣ್ಸೋಕ್ ಮುಂಚೆ ನೀವು ಹೇಳಿರ್ಬೇಕು. ಪೋರ್ಟಲ್ ಓಪನ್ ಆಗೋ ದಿನ ಯಾವುದು ಅಂತ ಎಚ್‌ಆರ್‌ನ ಕೇಳಿ, ಅದಕ್ಕಿಂತ ಒಂದು ದಿನ ಮುಂಚೆ 20 ನಿಮಿಷ ಎದುರಿಗೆ ಕೂತು ಅಥವಾ ಕಾಲ್‌ನಲ್ಲಿ ಹೇಳಿ, ಅವತ್ತೇ ನೋಟ್ ಕಳಿಸಿ. ಬರೀ ನೋಟ್ ಕಳಿಸಿ ಸುಮ್ನಾಗೋದು ಹೇಡಿತನದ ಥರ ಕಾಣುತ್ತೆ. ಬರೀ ಮಾತಾಡಿ ಬಿಟ್ರೂ ಕಷ್ಟ, ಯಾಕಂದ್ರೆ "3" ಅಂತ ಕಿವಿಗೆ ಬಿದ್ದ ಮೇಲೆ ಮುಂದಿನ ಹತ್ತು ನಿಮಿಷ ನೀವು ಹೇಳಿದ್ದು ಅವರಿಗೆ ಅರ್ಧನೂ ಕೇಳಿಸಿರಲ್ಲ. ಅದನ್ನ ಅವರು ತಣ್ಣಗಾದ್ಮೇಲೆ ಓದ್ಲಿ ಅಂತಾನೇ ನೋಟ್ ಇರೋದು. ವಾರದ ಕೊನೇ ದಿನ ಸಂಜೆ ಮಾತ್ರ ಕಳಿಸ್ಬೇಡಿ, ಎರಡು ದಿನ ಯಾರನ್ನೂ ಕೇಳೋಕಾಗ್ದೆ ಒಬ್ರೇ ಅದನ್ನ ಮತ್ತೆ ಮತ್ತೆ ಓದ್ತಾ ಕೂರ್ತಾರೆ.

ಮೊದಲ ಎರಡು ಲೈನ್‌ನಲ್ಲಿ ನಂಬರ್ ಬಂದ್ಬಿಡ್ಲಿ

ಸಾಮಾನ್ಯವಾಗಿ ಬರೋ ಮೊದಲ ಡ್ರಾಫ್ಟ್ ಹೀಗಿರುತ್ತೆ:

"ಈ ವರ್ಷ ನಿಮ್ಮ ಶ್ರಮ, ಬದ್ಧತೆ ನಿಜಕ್ಕೂ ಮೆಚ್ಚುವಂಥದ್ದು. ನಮ್ಮ ಟೀಮ್‌ನ ಬೆನ್ನೆಲುಬು ನೀವು. ಕೆಲವು ವಿಷಯಗಳಲ್ಲಿ ಇನ್ನಷ್ಟು ಬೆಳೆಯೋ ಅವಕಾಶ ಇದೆ. ನಾನು 4ಕ್ಕೇ ಹಾಕಿದ್ದೆ, ಆದ್ರೆ ಕ್ಯಾಲಿಬ್ರೇಶನ್‌ನಲ್ಲಿ 3 ಆಯ್ತು. ಮುಂದಿನ ವರ್ಷ ಖಂಡಿತ 4 ಬರುತ್ತೆ, ಬೇಜಾರು ಮಾಡ್ಕೋಬೇಡಿ."

ಓದೋಕೆ ಪ್ರೀತಿಯಿಂದಾನೇ ಇದೆ, ಆದ್ರೆ ಒಂದೊಂದು ಲೈನೂ ಒಂದೊಂದು ಗುಂಡಿ. ಬೆನ್ನೆಲುಬು ಅಂತ ಹೇಳಿ 3 ಕೊಟ್ರೆ "ಬೆನ್ನೆಲುಬಿಗೇ 3 ಅಂದ್ರೆ 4 ಯಾರಿಗೆ" ಅಂತ ಕೇಳ್ತಾರೆ, ನಿಮ್ಮ ಹತ್ರ ಉತ್ತರ ಇರಲ್ಲ. "ಕೆಲವು ವಿಷಯ" ಅಂದ್ರೆ ಯಾವ್ದು? ಗೊತ್ತಿಲ್ಲ. ಮುಂದಿನ ವರ್ಷ ಖಂಡಿತ ಅನ್ನೋದು ನಿಮ್ಮ ಕೈಲಿಲ್ಲದ ಮಾತು, ಮುಂದಿನ ವರ್ಷ ನೀವೇ ಆ ಟೀಮ್‌ನಲ್ಲಿ ಇರ್ತೀರೋ ಇಲ್ವೋ, ಆದ್ರೆ ಈ ಮೇಲ್ ಇರುತ್ತೆ.

ಕ್ಯಾಲಿಬ್ರೇಶನ್ ಮಾತು ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಎಲ್ಲರೂ ಜಾರೋದು ಇಲ್ಲೇ. ಬೇರೆ ಬೇರೆ ಟೀಮ್‌ನ ಮ್ಯಾನೇಜರ್‌ಗಳು ಕೂತು, ಒಬ್ಬರ 4 ಇನ್ನೊಬ್ಬರ 4 ಒಂದೇ ಅಳತೆಯಲ್ಲಿದೆಯಾ ಅಂತ ನೋಡೋ ಮೀಟಿಂಗ್ ಅದು. ನಿಮ್ಮ ಪ್ರಪೋಸಲ್ 4 ಇದ್ದು ಅಲ್ಲಿ 3 ಆಗಿರ್ಬಹುದು. ಹಾಗಾದಾಗ "ನಾನು ಕೊಟ್ಟಿದ್ದೆ, ಅವ್ರು ತೆಗೆದ್ರು" ಅನ್ನೋದು ಆ ಕ್ಷಣಕ್ಕೆ ನಿಮ್ಮನ್ನ ಒಳ್ಳೆಯವರನ್ನಾಗಿ ಮಾಡುತ್ತೆ ಅಷ್ಟೇ. ಮೀಟಿಂಗ್‌ನ ಒಳಗಿನ ಮಾತು ಹೊರಗೆ ಹೇಳಿದಂಗೂ ಆಯ್ತು, ಇವರಿಗೆ ಏನು ಬದಲಾಯಿಸ್ಕೋಬೇಕು ಅಂತಾನೂ ತಿಳೀಲಿಲ್ಲ, ಯಾರೋ ಕಾಣದವರು ಅನ್ಯಾಯ ಮಾಡಿದ್ರು ಅಂತ ಮಾತ್ರ ಉಳೀತು. ಹಾಗಂತ ಸುಳ್ಳೂ ಹೇಳ್ಬೇಡಿ. ಅವರು ನೇರವಾಗಿ ಕೇಳಿದ್ರೆ, "ಕ್ಯಾಲಿಬ್ರೇಶನ್‌ನಲ್ಲಿ ಬೇರೆ ಟೀಮ್‌ಗಳ 4ರ ಜೊತೆ ಇಟ್ಟು ನೋಡಿದ್ವಿ, ಅಲ್ಲಿ ಕೇಳಿದ ಪ್ರಶ್ನೆ ಇದು, ಅದಕ್ಕೆ ನಮ್ಮ ಹತ್ರ ಉತ್ತರ ಇರ್ಲಿಲ್ಲ" ಅಂತ ಆ ಪ್ರಶ್ನೆ ಏನು ಅಂತ ಹೇಳಿ. ನಮ್ಮ ಕೇಸ್‌ನಲ್ಲಿ ಪ್ರಶ್ನೆ, ಆ ಶೀಟ್ ಅವರಿಲ್ದೆ ನಡೆಯುತ್ತಾ ಅನ್ನೋದು. ಮೀಟಿಂಗ್‌ನಲ್ಲಿ ಕಾರಣನೇ ಹೇಳ್ದೆ ಬರೀ ಬೆಲ್ ಕರ್ವ್‌ಗೆ ಅಂತ ಇಳಿಸಿದ್ರೆ, ನೋಟ್ ಬರೆಯೋಕ್ ಮುಂಚೆ ನಿಮ್ಮ ಮ್ಯಾನೇಜರ್ ಹತ್ರ ಹೋಗಿ ಕಾರಣ ಕೇಳಿ ತಗೊಳ್ಳಿ, ಇಲ್ಲದ ಕಾರಣ ನೀವು ಕೂತು ಹುಟ್ಟಿಸ್ಬೇಡಿ.

ಪೂರ್ತಿ ನೋಟ್ ಹೀಗಿರ್ಬಹುದು

"ನಮಸ್ಕಾರ,

ಬೆಳಗ್ಗೆ ಮಾತಾಡಿದ್ದನ್ನ ನೀವು ನಿಧಾನಕ್ಕೆ ಓದ್ಲಿ ಅಂತ ಬರೆದು ಕಳಿಸ್ತಿದೀನಿ. ಈ ವರ್ಷ ನಿಮ್ಮ ರೇಟಿಂಗ್ 3. ನೀವು ಸೆಲ್ಫ್ ಅಪ್ರೈಸಲ್‌ನಲ್ಲಿ 4 ಹಾಕಿದ್ರಿ, ಅದಕ್ಕಿಂತ ಇದು ಕಡಿಮೆ, ನಿಮಗೆ ಬೇಸರ ಆಗಿರುತ್ತೆ ಅಂತ ಗೊತ್ತು.

ನೀವು ಮಾಡಿದ ಹೊಸ ಶೀಟ್‌ನಿಂದ ಎರಡು ದಿನದ ಕೆಲಸ ಅರ್ಧ ದಿನಕ್ಕೆ ಇಳಿದಿದೆ. ಇದು ರೇಟಿಂಗ್‌ನಲ್ಲಿ ಲೆಕ್ಕಕ್ಕೆ ಬಂದಿದೆ, ರಿವ್ಯೂನಲ್ಲೂ ಬರೆದಿದೀನಿ.

4 ಬರದೇ ಇರೋಕೆ ಕಾರಣ ಇದು: ಆ ಕೆಲಸ ಇವತ್ತಿಗೂ ನಿಮ್ಮೊಬ್ಬರಿಂದ ಮಾತ್ರ ಆಗುತ್ತೆ. ಸೆಪ್ಟೆಂಬರ್ ಒಳಗೆ ಡಾಕ್ಯುಮೆಂಟ್ ಮಾಡಿ ಇನ್ನೊಬ್ಬರಿಗೆ ಕಲಿಸೋದು ಅಂತ ಗೋಲ್ ಶೀಟ್‌ನಲ್ಲಿತ್ತು, ಅದು ಆಗಿಲ್ಲ, ಅಕ್ಟೋಬರ್ ರಿಪೋರ್ಟ್ ನಾಲ್ಕು ದಿನ ನಿಂತಿದ್ದು ಅದರಿಂದ. ಜನವರಿಯಲ್ಲಿ ಲೆಕ್ಕ ತಾಳೆ ಆಗ್ತಿಲ್ಲ ಅಂತ ಗುರುವಾರ ಗೊತ್ತಾದ್ರೂ ನನಗೆ ತಿಳಿದಿದ್ದು ಸೋಮವಾರ. ಅಕ್ಟೋಬರ್ ಆದ ತಕ್ಷಣ ನಾನು ಈ ಬಗ್ಗೆ ನಿಮ್ಮ ಜೊತೆ ಕೂತು ಮಾತಾಡ್ಬೇಕಿತ್ತು, ಮಾತಾಡ್ಲಿಲ್ಲ, ಅದು ನನ್ನ ಕಡೆಯ ಕೊರತೆ.

ಮುಂದೆ ಎರಡು ಕೆಲಸ. ಶೀಟ್ ನಡೆಸೋ ವಿಧಾನ ಜೂನ್ 15ರೊಳಗೆ ಬರೆದಾಗ್ಲಿ, ಜುಲೈ ಕ್ಲೋಸಿಂಗ್ ನೀವು ಕೈ ಹಾಕದೆ ಇನ್ನೊಬ್ರು ಮಾಡ್ಲಿ. ಆಮೇಲೆ ಲೆಕ್ಕದಲ್ಲಿ ಏನೇ ವ್ಯತ್ಯಾಸ ಕಂಡ್ರೂ ಅವತ್ತೇ ನನಗೆ ಒಂದು ಮೆಸೇಜ್, ಉತ್ತರ ಸಿಗದಿದ್ರೂ ಪರ್ವಾಗಿಲ್ಲ. ಇದಕ್ಕೆ ನಿಮಗೆ ಟೈಮ್ ಬೇಕು, ಹಾಗಾಗಿ ಜೂನ್ ಪೂರ್ತಿ ವೆಂಡರ್ ಕ್ವೆರಿಗಳನ್ನ ನಿಮ್ಮಿಂದ ತೆಗೆದು ಬೇರೆಯವರಿಗೆ ಕೊಡ್ತೀನಿ.

ಇದರಲ್ಲಿ ಯಾವ್ದಾದ್ರೂ ವಿಷಯ ತಪ್ಪಿದೆ ಅನ್ನಿಸಿದ್ರೆ ಹೇಳಿ, ನೋಡ್ತೀನಿ. ರೇಟಿಂಗ್ ರಿವ್ಯೂ ಕೇಳೋಕೆ ಪೋರ್ಟಲ್‌ನಲ್ಲಿ 18ನೇ ತಾರೀಖಿನವರೆಗೆ ಅವಕಾಶ ಇದೆ, ಕೇಳಿದ್ರೆ ನನಗೇನೂ ಬೇಜಾರಿಲ್ಲ. ಗುರುವಾರ 11 ಗಂಟೆಗೆ ಅರ್ಧ ಗಂಟೆ ಇಟ್ಟಿದೀನಿ, ಅಲ್ಲಿವರೆಗೆ ಉತ್ತರ ಬರೀಲೇಬೇಕು ಅಂತಿಲ್ಲ."

ಇಷ್ಟೇ, ಒಂದು ಸ್ಕ್ರೀನ್ ಸ್ಕ್ರಾಲ್‌ನಲ್ಲಿ ಮುಗಿಯೋ ಹಾಗಿದ್ರೆ ಸಾಕು. ಇದರಲ್ಲಿ ಇಲ್ಲದ್ದು ಏನು ಅಂತಾನೂ ನೋಡಿ. ಬೇರೆಯವರ ರೇಟಿಂಗ್ ಬಗ್ಗೆ ಒಂದಕ್ಷರ ಇಲ್ಲ. "ಆದ್ರೆ" ಅಂತ ಶುರುವಾಗೋ ಲೈನ್ ಇಲ್ಲ, ಹೊಗಳಿ ಆದ್ರೆ ಅಂದ ತಕ್ಷಣ ಹಿಂದಿನ ಹೊಗಳಿಕೆ ಬಿದ್ದೋಗುತ್ತೆ, ಅದಕ್ಕೆ ಅದು ಬೇರೆ ಪ್ಯಾರಾ, ಇದು ಬೇರೆ ಪ್ಯಾರಾ. "ನಿಮ್ಮ ಕಮ್ಯುನಿಕೇಶನ್ ವೀಕ್" ಅನ್ನೋ ಥರ ವ್ಯಕ್ತಿ ಮೇಲೆ ಷರಾ ಇಲ್ಲ, ಗುರುವಾರ ಗೊತ್ತಾಯ್ತು ಸೋಮವಾರ ಹೇಳಿದ್ರಿ ಅನ್ನೋದಷ್ಟೇ ಇದೆ, ಅದನ್ನ ಅವರು ಅಲ್ಲಗಳೆಯೋಕಾಗಲ್ಲ, ತಿದ್ಕೊಳ್ಳೋಕೂ ಆಗುತ್ತೆ. ಸಂಬಳದ ಮಾತೂ ಇಲ್ಲ. ಇನ್‌ಕ್ರಿಮೆಂಟ್ ಲೆಟರ್ ಯಾವಾಗ ಅಂತ ಕೇಳೇ ಕೇಳ್ತಾರೆ, ತಾರೀಖು ಗೊತ್ತಿದ್ರೆ ಮಾತಲ್ಲಿ ಹೇಳಿ, ಎರಡನ್ನೂ ಒಂದೇ ನೋಟ್‌ಗೆ ತುರುಕಿದ್ರೆ ಕಣ್ಣು ಹೋಗೋದು ದುಡ್ಡಿನ ಮೇಲೆ ಮಾತ್ರ.

ಸಪೋರ್ಟ್ ಅನ್ನೋದು ಈ ನೋಟ್‌ನಲ್ಲಿ ಎಲ್ಲಿದೆ ಅಂದ್ರೆ ವೆಂಡರ್ ಕ್ವೆರಿ ತೆಗೀತೀನಿ ಅನ್ನೋ ಲೈನ್‌ನಲ್ಲಿ. "ನಾನು ಯಾವಾಗ್ಲೂ ನಿಮ್ಮ ಜೊತೆ ಇದೀನಿ" ಅಂತ ಬರೆಯೋಕೆ ಖರ್ಚೇನಿಲ್ಲ, ಅದು ಓದೋವ್ರಿಗೂ ಗೊತ್ತು. ನಿಮ್ಮ ಕೈಯಿಂದ ಏನಾದ್ರೂ ಬಿಡ್ಬೇಕು, ಟೈಮೋ, ಜನಾನೋ, ಕೆಲಸದ ಹೊರೆನೋ. ಬಿಡೋಕಾಗಲ್ಲಾಂದ್ರೆ ಆ ಲೈನ್ ಬರೀಲೇಬೇಡಿ.

ಮುಂದಿನ ಗೋಲ್ ಹಾಕುವಾಗ ಇನ್ನೊಂದು ಪರೀಕ್ಷೆ ಇದೆ, ಆ ಗೋಲ್ ಮುಗೀತಾ ಇಲ್ವಾ ಅಂತ ಮೂರನೆಯವರು ನೋಡಿ ಹೇಳೋಕಾಗ್ಬೇಕು. "ಓನರ್‌ಶಿಪ್ ತೋರಿಸಿ" ಅಂದ್ರೆ ಯಾರೂ ಹೇಳೋಕಾಗಲ್ಲ. ಜುಲೈ ಕ್ಲೋಸಿಂಗ್ ಇನ್ನೊಬ್ರು ಮಾಡಿದ್ರಾ ಅಂದ್ರೆ ಹೌದು ಇಲ್ಲ ಎರಡೇ ಉತ್ತರ. ಇದನ್ನ ಮಾಡಿದ್ರೆ 4 ಬರುತ್ತಾ ಅಂತ ಕೇಳಿದ್ರೆ, "ಈ ವರ್ಷ 4ಕ್ಕೆ ಅಡ್ಡ ಬಂದಿದ್ದು ಹೋಗುತ್ತೆ, ರೇಟಿಂಗ್ ಏನು ಬರುತ್ತೆ ಅಂತ ಈಗ ಮಾತು ಕೊಡೋಕಾಗಲ್ಲ" ಅಂತ ನೇರವಾಗಿ ಹೇಳ್ಬಿಡಿ.

ಕಳಿಸೋಕ್ ಮುಂಚೆ ಎಚ್‌ಆರ್ ಪಾರ್ಟ್ನರ್‌ಗೆ ಒಂದ್ಸಲ ತೋರಿಸಿ. ಭಾಷೆ ನಯ ಮಾಡೋಕಲ್ಲ, ರಿವ್ಯೂ ಕೇಳೋ ಗಡುವು ಸರಿ ಇದೆಯಾ, ಪೋರ್ಟಲ್‌ನಲ್ಲಿ ಇರೋ ಕಾಮೆಂಟ್ ನಿಮ್ಮ ನೋಟ್ ಜೊತೆ ಹೊಂದುತ್ತಾ ಅಂತ ನೋಡೋಕೆ. ಪೋರ್ಟಲ್‌ನಲ್ಲಿ "ಎಕ್ಸಲೆಂಟ್ ಇಯರ್" ಅಂತ ಬರೆದು ನೋಟ್‌ನಲ್ಲಿ ಇದನ್ನ ಬರೆದ್ರೆ ಅವರು ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಬರ್ತಾರೆ.

ಕಳಿಸಿದ್ಮೇಲೆ ಏನು ಬರುತ್ತೆ

ಉದ್ದದ ಉತ್ತರ ಬಂದ್ರೆ ಅಲ್ಲೇ ಮೇಲ್‌ನಲ್ಲಿ ಲೈನ್ ಲೈನ್‌ಗೆ ಜವಾಬು ಕೊಡೋಕೆ ಇಳೀಬೇಡಿ, ಅದು ಮುಗಿಯಲ್ಲ. "ಓದಿದೆ, ನೀವು ಹೇಳಿರೋದ್ರಲ್ಲಿ ಈ ಎರಡು ವಿಷಯ ಚೆಕ್ ಮಾಡ್ತೀನಿ, ಗುರುವಾರ ಮಾತಾಡೋಣ" ಅಂತ ಮೂರು ಲೈನ್ ಸಾಕು, ಆಮೇಲೆ ನಿಜವಾಗ್ಲೂ ಚೆಕ್ ಮಾಡಿ. ಅವರು ಡಾಕ್ಯುಮೆಂಟ್ ಆಗಸ್ಟ್‌ನಲ್ಲೇ ಶೇರ್ಡ್ ಫೋಲ್ಡರ್‌ನಲ್ಲಿ ಹಾಕಿದ್ದೆ ಅಂದ್ರು ಅಂತ ಇಟ್ಕೊಳ್ಳಿ. ಫೋಲ್ಡರ್ ತೆಗೆದು ನೋಡಿ. ಅರ್ಧ ಬರೆದ ಒಂದು ಪುಟ ಇದ್ರೆ, ಅದನ್ನ ನೋಡಿ ಇನ್ನೊಬ್ರು ಕೆಲಸ ಮಾಡೋಕಾಗಿಲ್ಲ ಅಂತ ತೋರಿಸಿ ಮಾತಾಡಿ. ಪೂರ್ತಿ ಡಾಕ್ಯುಮೆಂಟ್ ಇದ್ದು ನೀವೇ ನೋಡಿಲ್ಲ ಅಂದ್ರೆ ನಿಮ್ಮ ಮುಖ್ಯ ಕಾರಣವೇ ಬಿದ್ದೋಯ್ತು, ಆಗ ರಿವ್ಯೂ ಹಾಕಿ ಅಂತ ಅವರಿಗೆ ಹೇಳ್ಬೇಕು, ಎಚ್‌ಆರ್‌ಗೆ ನೀವೂ ಬರೀಬೇಕು. ಇಲ್ಲಿ ಮುಖ ಉಳಿಸ್ಕೊಳ್ಳೋಕೆ ಹೊಸ ಕಾರಣ ಹುಡುಕಿದ್ರೆ ಆ ಮನುಷ್ಯನ ಜೊತೆ ನಿಮ್ಮ ಸಂಬಂಧ ಮುಗೀತು ಅಂತಾನೇ ಲೆಕ್ಕ.

ಬರೀ "ಓಕೆ, ಥ್ಯಾಂಕ್ಸ್" ಅಂತ ಬಂದ್ರೆ ಒಪ್ಕೊಂಡ್ರು ಅಂತ ಖುಷಿ ಪಡ್ಬೇಡಿ, ಇದೇ ಹೆಚ್ಚು ಕಷ್ಟದ ಉತ್ತರ. ಗುರುವಾರ ಕೂತಾಗ "ಅರ್ಥ ಆಯ್ತಾ" ಅಂತ ಕೇಳಿದ್ರೆ ಹೂಂ ಅಂತಾರೆ ಅಷ್ಟೇ. ಬದಲಿಗೆ "ನೋಟ್ ಓದಿದ್ಮೇಲೆ 4 ಬರದೇ ಇದ್ದಿದ್ದಕ್ಕೆ ಕಾರಣ ಏನು ಅಂತ ನಿಮಗನ್ನಿಸ್ತು" ಅಂತ ಕೇಳಿ ಸುಮ್ನೆ ಕೂತ್ಕೊಳ್ಳಿ. "ಕೆಲಸ ನನ್ನೊಬ್ಬನ ಕೈಲೇ ಇದೆ ಅಂತ" ಅಂದ್ರೆ ನೋಟ್ ತಲುಪಿದೆ, ಒಪ್ಪಿಗೆ ಇಲ್ದೇ ಇದ್ರೂ ಪರ್ವಾಗಿಲ್ಲ. "ಬಜೆಟ್ ಇರ್ಲಿಲ್ಲ ಅನ್ಸುತ್ತೆ" ಅಥವಾ "ನಾನು ರಜೆ ಹೋಗ್ಬಾರ್ದಿತ್ತು" ಅಂತ ಬಂದ್ರೆ ತಲುಪಿಲ್ಲ, ಅಲ್ಲೇ ಬಾಯಲ್ಲಿ ಬಿಡಿಸಿ ಹೇಳಿ. ರಜೆ ಮಾತು ಬಂದ್ರಂತೂ ಅದು ಕಾರಣ ಅಲ್ಲ ಅಂತ ಸ್ಪಷ್ಟವಾಗಿ ಹೇಳಿ, ಮೀಟಿಂಗ್ ಆದ್ಮೇಲೆ ಒಂದು ಲೈನ್ ಬರೆದೂ ಕಳಿಸಿ.

ಆಮೇಲೆ ಜೂನ್ 1ಕ್ಕೆ ವೆಂಡರ್ ಕ್ವೆರಿಗಳು ನಿಜವಾಗ್ಲೂ ಅವರ ಇನ್‌ಬಾಕ್ಸ್‌ನಿಂದ ಹೋಗಿರ್ಬೇಕು, ಅದನ್ನ ಈಗ್ಲೇ ನಿಮ್ಮ ಕ್ಯಾಲೆಂಡರ್‌ನಲ್ಲಿ ಹಾಕ್ಕೊಳ್ಳಿ, ಜೂನ್ 15 ಮತ್ತೆ ಜುಲೈ ಕ್ಲೋಸಿಂಗ್ ದಿನ ಕೂಡ.